ಮಾತು ಕಡಿಮೆ, ಅಳುಕು ಹೆಚ್ಚು: ಮೊದಲ ಮೂರು ಭೇಟಿಗಳಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕಡೆ ಇಬ್ಬರು ಒಬ್ಬರನ್ನೊಬ್ಬರು ಅರಿತುಕೊಳ್ಳಲು ಈಗ ಹಲವು ದಾರಿಗಳಿವೆ. ಮ್ಯಾಟ್ರಿಮನಿ ಆ್ಯಪ್‌ನಲ್ಲಿ ಪರಿಚಯವಾದವರು ಮನೆಯಲ್ಲಿ ಹೇಳುವ ಮೊದಲು ಒಮ್ಮೆ ಭೇಟಿಯಾಗಿ ನೋಡುತ್ತಾರೆ. ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ನಡುವೆ ಸ್ನೇಹ ಬೆಳೆಯುತ್ತದೆ. ಜಾತಕ ಕೂಡಿ ಬಂದ ಮೇಲೂ ‘ಮಕ್ಕಳು ಮೊದಲು ಮಾತನಾಡಿಕೊಳ್ಳಲಿ, ಆಮೇಲೆ ನಾವು’ ಎನ್ನುವ ಹಿರಿಯರು ಹೆಚ್ಚಾಗಿದ್ದಾರೆ. ದಾರಿ ಯಾವುದಾದರೂ ಇಬ್ಬರೇ ಮಾತನಾಡಬೇಕಾದ ಒಂದು ಗಂಟೆ ಬಂದೇ ಬರುತ್ತದೆ. ಮಾತು ಸಲೀಸಾಗಿ ಬರುವವರು ಆ ಗಂಟೆಯನ್ನು ಎದುರು ನೋಡುತ್ತಾರೆ. ಅಳುಕಿನವರು ಹಿಂದಿನ ರಾತ್ರಿಯೇ ನಿದ್ದೆ ಕೆಡಿಸಿಕೊಂಡು, ಕೇಳಬೇಕಾದ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹೋಗುತ್ತಾರೆ. ಹೋದ ಹತ್ತು ನಿಮಿಷಕ್ಕೆ ಪಟ್ಟಿ ಮುಗಿದು ಬಾಯಿ ಕಟ್ಟಿಹೋಗುತ್ತದೆ.

ಈ ಬರಹ ಅಂಥವರಿಗೆ. ಮೊದಲ ಭೇಟಿಯ ಹಿಂದಿನ ದಿನದಿಂದ ಮೂರನೆಯ ಭೇಟಿಯವರೆಗೆ ಏನು ಮಾಡಬೇಕು ಎಂಬುದಷ್ಟೇ ಇದರ ವ್ಯಾಪ್ತಿ. ಚೆನ್ನಾಗಿ ಮಾತನಾಡುವ ಕಲೆಯನ್ನು ಇದು ಕಲಿಸುವುದಿಲ್ಲ, ಅದರ ಅಗತ್ಯವೂ ಇಲ್ಲ. ನಾನು ಕಂಡಂತೆ ಅಳುಕಿನವರ ಮಾತು ವಿಷಯವಿಲ್ಲದೆ ನಿಲ್ಲುವುದು ಅಪರೂಪ. ಅವರ ಗಮನವೆಲ್ಲ ತಮ್ಮ ಮೇಲೆಯೇ ಇರುತ್ತದೆ. ಹಾಗಾಗಿ ಎದುರಿನವರು ಕೊಟ್ಟ ವಿಷಯವೇ ಅವರ ಕಿವಿಗೆ ಬೀಳುವುದಿಲ್ಲ.

ಮೊದಲು, ನಿಮ್ಮದು ಯಾವ ಬಗೆ?

ಅಂತರ್ಮುಖಿ ಸ್ವಭಾವವೂ ಜನರೆದುರಿನ ಅಳುಕೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಅಂತರ್ಮುಖಿಗೆ ಮಾತು ಆಯಾಸ ತರುತ್ತದೆ. ಎರಡು ಗಂಟೆ ಜನರ ನಡುವೆ ಇದ್ದರೆ ಒಂದು ಗಂಟೆ ಒಬ್ಬರೇ ಇರಬೇಕೆನಿಸುತ್ತದೆ, ಆದರೆ ಆತ್ಮೀಯರೊಬ್ಬರ ಜೊತೆ ಅವರು ರಾತ್ರಿಯಿಡೀ ಮಾತನಾಡಬಲ್ಲರು. ಅಳುಕಿನವರಿಗೆ ಆಯಾಸಕ್ಕಿಂತ ಹೆದರಿಕೆ ದೊಡ್ಡದು: ‘ನನ್ನನ್ನು ಏನೆಂದುಕೊಳ್ಳುತ್ತಾರೋ’, ‘ಧ್ವನಿ ನಡುಗಿದ್ದು ಗೊತ್ತಾಯಿತೋ ಏನೋ’. ಕೆಲವರಲ್ಲಿ ಎರಡೂ ಇರುತ್ತವೆ.

ಪತ್ತೆಹಚ್ಚಲು ಸುಲಭವಾದ ಒಂದು ದಾರಿಯಿದೆ. ನಿಗದಿಯಾದ ಭೇಟಿ ರದ್ದಾಯಿತು ಎಂಬ ಸಂದೇಶ ಬಂದರೆ ನಿಮಗೆ ಏನನಿಸುತ್ತದೆ ಎಂದು ಊಹಿಸಿಕೊಳ್ಳಿ. ‘ಸರಿ, ಮನೆಯಲ್ಲಿ ಆರಾಮವಾಗಿರಬಹುದು’ ಎನಿಸಿದರೆ ಅದು ಸ್ವಭಾವ. ದೊಡ್ಡ ಗಂಡಾಂತರ ತಪ್ಪಿದಂತಾಗಿ, ಅರ್ಧ ಗಂಟೆಯಲ್ಲೇ ‘ಛೆ, ಹೋಗಬೇಕಿತ್ತು’ ಎಂಬ ಬೇಸರ ಶುರುವಾದರೆ ಅದು ಅಳುಕು. ಸ್ವಭಾವದವರು ಭೇಟಿಯ ಅವಧಿ ಮತ್ತು ಜಾಗವನ್ನು ಸರಿಪಡಿಸಿಕೊಂಡರೆ ಬಹುಪಾಲು ಕೆಲಸ ಮುಗಿದಂತೆ. ಅಳುಕಿನವರು ಗಮನವನ್ನು ಹೊರಗೆ ತಿರುಗಿಸುವುದನ್ನೂ ಕಲಿಯಬೇಕಾಗುತ್ತದೆ. ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಜಾಗ, ಹೊತ್ತು, ಭಾಷೆ

ಎದುರುಬದುರು ಕುಳಿತುಕೊಳ್ಳುವ ಹೋಟೆಲು ಅಳುಕಿನವರಿಗೆ ಅತ್ಯಂತ ಕಷ್ಟದ ಜಾಗ. ನೋಟವನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ, ಕೈಗೆ ಕೆಲಸವಿರುವುದಿಲ್ಲ, ಒಂದು ಕ್ಷಣದ ಮೌನವೂ ದೊಡ್ಡದಾಗಿ ಕೇಳುತ್ತದೆ. ಕಾಸರಗೋಡು ಪೇಟೆಯಲ್ಲಾದರೆ ಬಾಗಿಲು ತೆರೆದಾಗಲೆಲ್ಲ ‘ಪರಿಚಯದವರು ಯಾರಾದರೂ ಬಂದರೇ’ ಎಂದು ತಲೆಯೆತ್ತಿ ನೋಡುವ ಕಷ್ಟವೂ ಸೇರುತ್ತದೆ. ಪಕ್ಕಪಕ್ಕ ನಡೆಯುತ್ತಾ ಮಾತನಾಡುವ ಜಾಗ ಇದಕ್ಕಿಂತ ಎಷ್ಟೋ ಮೇಲು. ಇಬ್ಬರ ಕಣ್ಣೂ ಮುಂದಿನ ದಾರಿಯ ಮೇಲಿರುತ್ತದೆ. ಸುಮ್ಮನಾದರೂ ನಡಿಗೆ ಮುಂದುವರಿಯುತ್ತದೆ.

ಬೇಕಲ ಕೋಟೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೆಳದಿಯ ಶಿವಪ್ಪ ನಾಯಕನ ಕಾಲದ, 17ನೆಯ ಶತಮಾನದ ಈ ಕೋಟೆ ಸುಮಾರು 40 ಎಕರೆಯಷ್ಟು ವಿಸ್ತಾರವಾಗಿದೆ. ಮುರಕಲ್ಲಿನ ಗೋಡೆಯ ಗುಂಟ ನಡೆಯಬಹುದು, ನಡುವಿನ ವೀಕ್ಷಣಾ ಗೋಪುರಕ್ಕೆ ಹತ್ತಬಹುದು, ಮೆಟ್ಟಿಲುಗಳಿರುವ ನೀರಿನ ಕೊಳದ ಬಳಿ ನಿಲ್ಲಬಹುದು. ಮಾತು ನಿಂತಾಗ ತೋರಿಸಲು ಏನಾದರೊಂದು ಕಣ್ಣೆದುರು ಇದ್ದೇ ಇರುತ್ತದೆ. ಜನರಿರುತ್ತಾರೆ, ಆದರೆ ಮಾತು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ನಡುಮಧ್ಯಾಹ್ನ ಮಾತ್ರ ಬೇಡ, ಒಳಗೆ ನೆರಳು ಕಡಿಮೆ. ಬೆಳಿಗ್ಗೆ ಅಥವಾ ನಾಲ್ಕರ ಸುಮಾರಿಗೆ ಹೋದರೆ ಒಳ್ಳೆಯದು. ಉತ್ತರದ ಕಡೆಯವರಿಗೆ ಕುಂಬಳೆ ಬಳಿಯ ಅನಂತಪುರದ ಸರೋವರ ಕ್ಷೇತ್ರ ಹತ್ತಿರವಾಗುತ್ತದೆ. ಅಲ್ಲಿ ದೇವರ ದರ್ಶನ ಮಾಡಿ ಸರೋವರದ ಸುತ್ತಮುತ್ತ ಒಂದಷ್ಟು ಹೊತ್ತು ಇರಬಹುದು. ಮನೆಯಲ್ಲಿ ಹೇಳಿಹೋಗಲೂ ಮುಜುಗರವಿಲ್ಲ. ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆ ಸುಂದರ ಗುಡ್ಡವೇ, ಆದರೆ ಮೊದಲ ಭೇಟಿಗೆ ಬೇಡ. ಹೆಚ್ಚು ಪರಿಚಯವಿಲ್ಲದವರ ಜೊತೆ ಅಷ್ಟು ಏಕಾಂತದ ಜಾಗ ಹುಡುಗಿಗೆ ನೆಮ್ಮದಿ ಕೊಡುವುದಿಲ್ಲ, ಅವಳು ಒಪ್ಪಿಕೊಂಡರೂ ಸಹ. ಇಬ್ಬರೂ ತಂತಮ್ಮ ವಾಹನದಲ್ಲೋ ಬಸ್ಸಿನಲ್ಲೋ ಬರಲಿ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಒಬ್ಬ ಸ್ನೇಹಿತರಿಗಾದರೂ ಗೊತ್ತಿರಲಿ.

ಅವಧಿಯನ್ನು ಮೊದಲೇ ಹೇಳಿಬಿಡಿ. ‘ನಾಲ್ಕಕ್ಕೆ ಬರುತ್ತೇನೆ, ಐದೂಕಾಲಿನ ಬಸ್ಸು ಹಿಡಿಯಬೇಕು’ ಎಂದರೆ ಸಾಕು. ಕೊನೆ ಎಲ್ಲಿದೆ ಎಂದು ಗೊತ್ತಿದ್ದರೆ ಅಂತರ್ಮುಖಿಗೆ ತನ್ನ ಶಕ್ತಿಯನ್ನು ಹಂಚಿಕೊಳ್ಳಲು ಬರುತ್ತದೆ. ಭೇಟಿ ಚೆನ್ನಾಗಿ ಆಯಿತೆಂದು ಎರಡನೆಯ ಬಸ್ಸಿಗೆ ಕಾಯುವುದು ಮೊದಲ ಸಲ ಬೇಡ. ದಣಿದ ಮೇಲಿನ ಅರ್ಧ ಗಂಟೆ ಮೊದಲಿನ ಒಂದು ಗಂಟೆಯ ಸೊಗಸನ್ನು ಕೆಡಿಸುತ್ತದೆ.

ಇನ್ನು ಭಾಷೆ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತುಳು, ಹವ್ಯಕ ಕನ್ನಡ ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎನ್ನುವವರು ಅನೇಕರಿದ್ದಾರೆ. ಗಾಬರಿಯಾದಾಗ ಅಷ್ಟಾಗಿ ಪಳಗದ ಭಾಷೆ ಮೊದಲು ಕೈಕೊಡುತ್ತದೆ. ಅದಕ್ಕೇ ಭೇಟಿಗೆ ಮೊದಲೇ ಫೋನಿನಲ್ಲಿ ಕೇಳಿಬಿಡಿ: ‘ನಿಮಗೆ ತುಳು ಸುಲಭವೇ, ಕನ್ನಡವೇ? ನನಗೆ ಮಲಯಾಳ ಅರ್ಥವಾಗುತ್ತದೆ, ಮಾತನಾಡಲು ಸ್ವಲ್ಪ ತಡವರಿಸುತ್ತೇನೆ.’ ಇದರಿಂದ ಭಾಷೆ ತೀರ್ಮಾನವಾಗುತ್ತದೆ. ನಿಮ್ಮ ತಡವರಿಕೆಯ ಸುದ್ದಿಯೂ ಅವರಿಗೆ ಮೊದಲೇ ಮುಟ್ಟಿರುತ್ತದೆ.

ಹೊರಡುವ ಮೊದಲಿನ ಒಂದು ಗಂಟೆ

ಇದಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಎದೆ ಡವಗುಟ್ಟುವವರು ಆ ಹೊತ್ತಿನಲ್ಲಿ ಗಟ್ಟಿ ಕಾಫಿ ಕುಡಿಯಬೇಡಿ. ಕೆಫೀನು ತರುವ ನಡುಕವನ್ನು ಮನಸ್ಸು ಹೆದರಿಕೆ ಎಂದೇ ಓದಿಕೊಳ್ಳುತ್ತದೆ. ಹೊಟ್ಟೆ ಖಾಲಿ ಇರುವುದೂ ಬೇಡ. ಬಸ್ಸಿನಲ್ಲಿ ಕುಳಿತು ಮೂರು ಎಣಿಸುವಷ್ಟು ಹೊತ್ತು ಉಸಿರು ಒಳಗೆ ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ, ಐದು ನಿಮಿಷ ಹೀಗೆ ಮಾಡಿ. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಗಾಬರಿ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ‘ಗಾಬರಿ ಇಳಿದ ಮೇಲೆ ಮಾತನಾಡುತ್ತೇನೆ’ ಎಂದು ಕಾದರೆ ಭೇಟಿ ಮುಗಿದಿರುತ್ತದೆ. ಗಾಬರಿ ಇರುವಾಗಲೇ ಮಾತನಾಡಲು ಬರುತ್ತದೆ ಎಂಬುದನ್ನು ದೇಹ ಕಲಿಯಬೇಕು, ಅದು ಮಾತನಾಡಿಯೇ ಕಲಿಯುವಂಥದ್ದು.

ಗಮನ ಎಲ್ಲಿದೆ ಎಂಬುದೇ ಮುಖ್ಯ

ಜನರೆದುರಿನ ಅಳುಕು ಹೇಗೆ ತಾನೇ ತಾನಾಗಿ ಉಳಿದುಕೊಳ್ಳುತ್ತದೆ ಎಂಬುದನ್ನು ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಬ್ರಿಟನ್ನಿನ ಮನೋವಿಜ್ಞಾನಿಗಳು 1995ರಲ್ಲಿ ವಿವರಿಸಿದರು. ಇಂದಿಗೂ ಚಿಕಿತ್ಸೆಯಲ್ಲಿ ಬಳಕೆಯಾಗುವುದು ಆ ವಿವರಣೆ. ಅದರ ಸಾರ ಹೀಗಿದೆ: ಅಳುಕಿನವರು ಮಾತನಾಡುವಾಗ ತಮ್ಮನ್ನು ತಾವೇ ಹೊರಗಿನಿಂದ ನೋಡಿಕೊಳ್ಳುತ್ತಿರುತ್ತಾರೆ. ಬೆವರಿದೆನೇ, ಮುಖ ಕೆಂಪಾಯಿತೇ, ಈಗ ಹೇಳಿದ್ದು ಪೆದ್ದುತನವಾಯಿತೇ ಎಂದು. ಒಳಗಿನ ತಳಮಳ ಎಷ್ಟಿದೆಯೋ ಅಷ್ಟೂ ಹೊರಗೆ ಕಾಣುತ್ತಿದೆ ಎಂದು ನಂಬುತ್ತಾರೆ. ಅದನ್ನು ಮುಚ್ಚಲು ಕೆಲವು ಉಪಾಯಗಳನ್ನು ಹೂಡುತ್ತಾರೆ. ಎದುರಿನವರು ಮಾತನಾಡುತ್ತಿರುವಾಗಲೇ ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವುದು, ಕೈ ನಡುಗದಿರಲೆಂದು ಲೋಟವನ್ನು ಬಿಗಿಯಾಗಿ ಹಿಡಿಯುವುದು, ಮೊಬೈಲು ನೋಡುವುದು, ತನ್ನ ಬಗ್ಗೆ ಏನೂ ಹೇಳದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವುದು. ಕಾಪಾಡುತ್ತದೆ ಎಂದುಕೊಂಡ ಈ ಉಪಾಯಗಳೇ ಮಾತನ್ನು ಕೆಡಿಸುತ್ತವೆ. ವಾಕ್ಯ ಜೋಡಿಸುತ್ತಿದ್ದವರು ಎದುರಿನವರ ಮಾತನ್ನು ಅರ್ಧವೇ ಕೇಳಿರುತ್ತಾರೆ, ಹಾಗಾಗಿ ಅವರ ಮುಂದಿನ ಮಾತಿಗೆ ತಲೆಬುಡವಿರುವುದಿಲ್ಲ. ಎದುರಿನವರಿಗೆ ‘ಇವರಿಗೆ ನನ್ನಲ್ಲಿ ಆಸಕ್ತಿಯಿಲ್ಲ’ ಎನಿಸುತ್ತದೆ.

ಹಾಗಾಗಿ ಮೊದಲ ಭೇಟಿಗೆ ಒಂದೇ ಕೆಲಸ ಇಟ್ಟುಕೊಳ್ಳಿ. ನಿಮ್ಮ ಉಪಾಯಗಳಲ್ಲಿ ಒಂದನ್ನು ಗುರುತಿಸಿ ಅದನ್ನು ಆ ಒಂದು ಗಂಟೆ ಬಿಟ್ಟುಬಿಡಿ. ಎಲ್ಲವನ್ನೂ ಬಿಡಲು ಹೋಗಬೇಡಿ. ವಾಕ್ಯ ಜೋಡಿಸುವ ಅಭ್ಯಾಸವಿದ್ದರೆ ಅದನ್ನೇ ಆಯ್ದುಕೊಳ್ಳಿ, ಅತಿ ಹೆಚ್ಚು ಹಾನಿ ಮಾಡುವುದು ಅದೇ. ಅವರು ಮಾತನಾಡುವಾಗ ಅವರ ಕೊನೆಯ ಪದದವರೆಗೆ ಕೇಳಬೇಕು, ಆಮೇಲೆಯೇ ಯೋಚಿಸಬೇಕು. ನಡುವೆ ಎರಡು ಕ್ಷಣ ಮೌನವಾಗುತ್ತದೆ, ಆಗಲಿ. ನಿಮಗೆ ಯುಗದಂತೆ ತೋರುವ ಆ ಎರಡು ಕ್ಷಣ ಅವರಿಗೆ ‘ಯೋಚಿಸಿ ಉತ್ತರಿಸುತ್ತಾರೆ’ ಎಂದಷ್ಟೇ ಕಾಣುತ್ತದೆ.

ಗಮನ ಮತ್ತೆ ಒಳಗೆ ಹೋಯಿತೆಂದು ತಿಳಿಯುವುದು ಹೇಗೆ? ಸ್ಪಷ್ಟವಾದ ಗುರುತು ಒಂದಿದೆ. ಅವರು ಈಗಷ್ಟೇ ಹೇಳಿದ ಹೆಸರು, ಊರು, ಸಂಖ್ಯೆ ಯಾವುದೂ ನಿಮಗೆ ನೆನಪಿಲ್ಲವೆಂದರೆ ನೀವು ಒಳಗಿದ್ದಿರಿ. ಆಗ ಗಾಬರಿಯಾಗದೆ ಹೊರಗಿನ ಒಂದು ವಸ್ತುವಿಗೆ ಕಣ್ಣನ್ನು ತಂದು, ‘ಕ್ಷಮಿಸಿ, ಈಗ ಹೇಳಿದ್ದು ತಪ್ಪಿಹೋಯಿತು, ಇನ್ನೊಮ್ಮೆ ಹೇಳುತ್ತೀರಾ?’ ಎಂದು ಕೇಳಿ. ಕೇಳಿಸಿದಂತೆ ನಟಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಕೇಳುವುದು, ಬೆನ್ನುಹಿಡಿಯುವುದು, ಕೊಡುವುದು

ಗಮನ ಹೊರಗೆ ಬಂದ ಮೇಲೆ ಮಾತನ್ನು ಮುಂದುವರಿಸಲು ಮೂರು ನಡೆಗಳು ಸಾಕು. ಒಂದು ಪ್ರಶ್ನೆ ಕೇಳುವುದು, ಬಂದ ಉತ್ತರದ ಒಳಗಿನಿಂದಲೇ ಇನ್ನೊಂದು ಪ್ರಶ್ನೆ ತೆಗೆಯುವುದು, ಆಮೇಲೆ ಅದಕ್ಕೆ ಸಂಬಂಧಪಟ್ಟ ನಿಮ್ಮದೊಂದು ಸಂಗತಿಯನ್ನು ಕೊಡುವುದು.

ಎರಡನೆಯ ನಡೆಗೆ ಎಷ್ಟು ಬಲವಿದೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಹೊಸಬರ ನಡುವಿನ ಮಾತುಕತೆಗಳನ್ನು, ಅದರಲ್ಲೂ ಕೆಲವೇ ನಿಮಿಷಗಳ ಡೇಟಿಂಗ್ ಭೇಟಿಗಳನ್ನು ಅವರು ಪರಿಶೀಲಿಸಿದಾಗ, ಉತ್ತರವನ್ನು ಬೆನ್ನುಹಿಡಿದು ಪ್ರಶ್ನೆ ಕೇಳಿದವರನ್ನು ಎದುರಿನವರು ಹೆಚ್ಚು ಇಷ್ಟಪಟ್ಟಿದ್ದು ಕಂಡುಬಂತು. ಕಾರಣ ಸರಳ: ಅಂಥ ಪ್ರಶ್ನೆಯನ್ನು ಕಿವಿಗೊಟ್ಟವರು ಮಾತ್ರ ಕೇಳಬಲ್ಲರು. ಮನೆಯಲ್ಲೇ ಬರೆದಿಟ್ಟುಕೊಂಡ ಪಟ್ಟಿಯಿಂದ ಅದು ಬರುವುದಿಲ್ಲ.

ಅಳುಕಿನವರು ಹೆಚ್ಚಾಗಿ ಬಿಟ್ಟುಬಿಡುವುದು ಮೂರನೆಯದನ್ನು. ಒಳ್ಳೆಯ ಕೇಳುಗರಾದರೆ ಸಾಕೆಂದು ಅವರು ನಂಬಿರುತ್ತಾರೆ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಏರನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರ ಜೋಡಿಗಳಿಗೆ 36 ಪ್ರಶ್ನೆಗಳನ್ನು ಕೊಡಲಾಗಿತ್ತು. ಹಗುರವಾದವು ಮೊದಲು, ಆಳವಾದವು ಕೊನೆಗೆ. ಪ್ರತಿ ಪ್ರಶ್ನೆಗೂ ಇಬ್ಬರೂ ಉತ್ತರಿಸಬೇಕಿತ್ತು. ಮುಕ್ಕಾಲು ಗಂಟೆಯ ಕೊನೆಗೆ ಅವರಲ್ಲಿ ಮೂಡಿದ ಆತ್ಮೀಯತೆ, ಮೇಲುಮೇಲಿನ ಹರಟೆಯಾಡಿದ ಜೋಡಿಗಳಿಗಿಂತ ಹೆಚ್ಚಿತ್ತು. ಆ ಪ್ರಶ್ನೆಗಳನ್ನೇ ಅಚ್ಚುಮಾಡಿಕೊಂಡು ಹೋಗಬೇಡಿ, ಬೇಕಲದ ಗೋಡೆಯ ಮೇಲೆ ಅದು ಪರೀಕ್ಷೆಯಾಗಿಬಿಡುತ್ತದೆ. ಅದರಿಂದ ತೆಗೆದುಕೊಳ್ಳಬೇಕಾದ್ದು ಇಷ್ಟು: ಇಬ್ಬರೂ ಸರಿಸುಮಾರು ಸಮವಾಗಿ ಹೇಳಿಕೊಳ್ಳಬೇಕು, ಆಳ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಒಬ್ಬರೇ ಹೇಳಿಕೊಂಡರೆ ಮನೆಗೆ ಹೋದ ಮೇಲೆ ಅವರಿಗೆ ತಾವು ಬರಿದಾದಂತೆ, ಎದುರಿನವರು ಮಾತ್ರ ಬಾಗಿಲು ಹಾಕಿಕೊಂಡು ಕುಳಿತಂತೆ ಅನಿಸುತ್ತದೆ.

ಒಂದು ಕಲ್ಪಿತ ಭೇಟಿಯನ್ನು ಬಿಡಿಸಿ ನೋಡೋಣ. ಅವನು ಬದಿಯಡ್ಕದ ಕಡೆಯವನು, ಸೇವಾ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ, ಮನೆಯಲ್ಲಿ ಅಡಿಕೆ ತೋಟ. ಅವಳು ಮಂಜೇಶ್ವರದ ಕಡೆಯವಳು, ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಪಟ್ಟಿ ಹಿಡಿದುಹೋದ ಮಾತುಕತೆ ಹೀಗಿರುತ್ತದೆ:

‘ನೀವು ಯಾವ ತರಗತಿಗೆ ಪಾಠ ಮಾಡುತ್ತೀರಿ?’
‘ನಾಲ್ಕನೆಯ ತರಗತಿಗೆ. ಈ ವರ್ಷ ಆರೇ ಮಕ್ಕಳು.’
‘ಓ, ಹಾಗೇ. ನಿಮ್ಮ ಹವ್ಯಾಸಗಳೇನು?’
‘ಓದುತ್ತೇನೆ, ಸ್ವಲ್ಪ ಹಾಡುತ್ತೇನೆ.’
‘ಒಳ್ಳೆಯದು. ಮನೆಯಲ್ಲಿ ಯಾರೆಲ್ಲ ಇದ್ದಾರೆ?’

ಅರ್ಧ ನಿಮಿಷದಲ್ಲಿ ಮೂರು ವಿಷಯ ಮುಗಿದವು. ‘ಆರೇ ಮಕ್ಕಳು’ ಎನ್ನುವಾಗ ಅವಳ ಮಾತಿನಲ್ಲಿ ಒಂದು ‘ಏ’ಕಾರ ಇತ್ತು, ಅಲ್ಲಿ ಅವಳ ಮನಸ್ಸಿತ್ತು. ಅವನು ಅದನ್ನು ದಾಟಿಕೊಂಡು ಹೋದ. ಅದೇ ಅವನು ಕೊನೆಯವರೆಗೆ ಕೇಳಿದ್ದರೆ:

‘ಆರೇ ಮಕ್ಕಳೇ? ಆರು ಮಂದಿ ಇರುವ ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ?’
‘ಎಲ್ಲರೂ ಒಂದೇ ಬೆಂಚಿನ ಸುತ್ತ ಕೂರುತ್ತೇವೆ. ಒಬ್ಬ ರಜೆ ಹಾಕಿದರೆ ತರಗತಿ ಖಾಲಿಯೆನಿಸುತ್ತದೆ. ಮುಂದಿನ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೋ ಎಂಬ ಚಿಂತೆ ಈಗಲೇ ಶುರುವಾಗಿದೆ.’
‘ನಾನೂ ಕನ್ನಡ ಮಾಧ್ಯಮದಲ್ಲೇ ಕಲಿತದ್ದು. ಬ್ಯಾಂಕಿಗೆ ಸೇರಿದ ಮೊದಲ ತಿಂಗಳು ಮಲಯಾಳದ ಸುತ್ತೋಲೆ ಕೈಗೆ ಬಂದಾಗ ಮೂರು ಸಲ ಓದಬೇಕಾಗುತ್ತಿತ್ತು. ಪಕ್ಕದ ಮೇಜಿನವರನ್ನು ಕೇಳಲು ನಾಚಿಕೆ.’
‘ಆಮೇಲೆ ಏನು ಮಾಡಿದಿರಿ?’

ಕೊನೆಯ ಪ್ರಶ್ನೆ ಅವಳದು. ಮಾತಿನ ಭಾರ ಅವನೊಬ್ಬನ ಹೆಗಲಿನಿಂದ ಇಳಿಯಿತು ಎಂಬುದಕ್ಕೆ ಅದೇ ಗುರುತು. ಅವನು ಕೊಟ್ಟದ್ದು ಮೂರು ವಾಕ್ಯ ಮಾತ್ರ, ಅದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಅವಳ ಚಿಂತೆಗೆ ಹತ್ತಿರದ, ಅಷ್ಟೇ ತೂಕದ ಸಂಗತಿ ಅದು. ಅವಳು ಶಾಲೆಯ ಚಿಂತೆ ಹೇಳಿದಾಗ ಅವನು ಮುರಿದುಬಿದ್ದ ಹಳೆಯ ಪ್ರೇಮದ ಕಥೆ ತೆಗೆದಿದ್ದರೆ ತೂಕ ತಪ್ಪುತ್ತಿತ್ತು. ಗಾಬರಿಯಾದವರು ಕೆಲವೊಮ್ಮೆ ಹೀಗೆ ಒಮ್ಮೆಲೇ ಎಲ್ಲವನ್ನೂ ಸುರಿಯುವುದುಂಟು. ಅಳತೆ ಇಟ್ಟುಕೊಳ್ಳುವುದು ಸುಲಭ: ಅವರು ಎಷ್ಟು ಆಳಕ್ಕೆ ಇಳಿದರೋ ಅಷ್ಟೇ, ಹೆಚ್ಚೆಂದರೆ ಒಂದು ಮೆಟ್ಟಿಲು ಕೆಳಗೆ.

ಉತ್ತರ ಒಂದೇ ಪದದಲ್ಲಿ ಬಂದರೆ? ಎದುರಿನವರೂ ಅಳುಕಿನವರೇ ಆಗಿರಬಹುದು. ಆಗ ಪ್ರಶ್ನೆಯ ಮೊದಲು ನಿಮ್ಮ ಸಂಗತಿಯನ್ನು ಇಡಿ. ‘ಮಳೆಗಾಲ ಬಂತೆಂದರೆ ನಮ್ಮಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮಳೆ ಎರಡು ದಿನ ಬಿಡಬೇಕು, ಮದ್ದು ಬಿಡುವವರು ಸಿಗಬೇಕು, ಎರಡೂ ಒಟ್ಟಿಗೆ ಆಗುವುದೇ ಇಲ್ಲ. ನಿಮ್ಮ ಮನೆಯಲ್ಲಿ ಮಳೆಗಾಲ ಹೇಗಿರುತ್ತದೆ?’ ಎಂದರೆ ಅವರಿಗೆ ಎಷ್ಟು ಉದ್ದದ ಉತ್ತರ ಕೊಡಬಹುದೆಂಬ ಅಂದಾಜು ಸಿಗುತ್ತದೆ. ಹೀಗೆ ಎರಡು ಮೂರು ಸಲ ಪ್ರಯತ್ನಿಸಿದರೂ ಅವರಿಂದ ಒಂದೂ ಪ್ರಶ್ನೆ ಬರದೆ, ಕಣ್ಣು ಗಡಿಯಾರದ ಕಡೆಗೇ ಹೋಗುತ್ತಿದ್ದರೆ ಅವರಿಗೆ ಮನಸ್ಸಿಲ್ಲ ಎಂದು ತಿಳಿಯಬಹುದು. ನಿಮ್ಮ ಮಾತುಗಾರಿಕೆ ಹೆಚ್ಚಾದರೂ ಅದು ಬದಲಾಗುವಂಥದ್ದಲ್ಲ. ಸಭ್ಯವಾಗಿ ಬಸ್ಸು ಹಿಡಿಯಿರಿ.

ನಡುವಿನ ಮೌನಕ್ಕೂ ಎರಡು ಬಗೆಯಿದೆ. ಗೋಪುರದ ಮೇಲೆ ನಿಂತು ಇಬ್ಬರೂ ಕಡಲನ್ನು ನೋಡುತ್ತಿದ್ದರೆ ಅದನ್ನು ತುಂಬಲು ಹೋಗಬೇಡಿ. ಒಬ್ಬರು ಮಾತು ಹುಡುಕುತ್ತಾ ಚಪ್ಪಲಿಯ ತುದಿಯಿಂದ ಕಲ್ಲನ್ನು ಕೆರೆಯುತ್ತಿದ್ದರೆ ಹಿಂದೆ ಅರ್ಧಕ್ಕೆ ಬಿಟ್ಟ ಎಳೆಗೆ ಮರಳಿ: ‘ಆಗ ಹಾಡುತ್ತೇನೆ ಎಂದಿರಲ್ಲ, ಯಾರಲ್ಲಿ ಕಲಿತಿರಿ?’ ಹೊಸ ವಿಷಯ ಹುಡುಕುವುದಕ್ಕಿಂತ ಇದು ಸುಲಭ. ಅವರ ಮಾತು ನಿಮ್ಮ ನೆನಪಿನಲ್ಲಿ ಉಳಿದಿದೆ ಎಂಬುದೂ ಅವರಿಗೆ ಗೊತ್ತಾಗುತ್ತದೆ.

ಆ ರಾತ್ರಿ

ಅಳುಕಿನವರಿಗೆ ಭೇಟಿಗಿಂತ ಕಷ್ಟದ್ದು ಅದರ ನಂತರದ ರಾತ್ರಿ. ಹೇಳಿದ ಒಂದೊಂದು ಮಾತನ್ನೂ ಮನಸ್ಸು ಮೆಲುಕು ಹಾಕುತ್ತದೆ. ಮೆಲುಕು ಹಾಕಿದಷ್ಟೂ ಭೇಟಿ ಕೆಟ್ಟದಾಗುತ್ತಾ ಹೋಗಿ, ಬೆಳಗಾಗುವಷ್ಟರಲ್ಲಿ ‘ಅವರು ನನ್ನನ್ನು ಒಪ್ಪಿರಲು ಸಾಧ್ಯವೇ ಇಲ್ಲ’ ಎಂಬ ತೀರ್ಮಾನವಾಗಿರುತ್ತದೆ. ಈ ತೀರ್ಮಾನವನ್ನು ನಂಬಬೇಡಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸಬರು ಮಾತನಾಡಿ ಮುಗಿಸಿದ ಮೇಲೆ ಎದುರಿನವರು ತಮ್ಮನ್ನು ಎಷ್ಟು ಇಷ್ಟಪಟ್ಟಿರಬಹುದು ಎಂದು ಇಬ್ಬರನ್ನೂ ಕೇಳಲಾಯಿತು. ಎಲ್ಲರ ಊಹೆಯೂ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಇತ್ತು. ನಮ್ಮ ತಪ್ಪುಗಳ ಪಟ್ಟಿ ನಮ್ಮ ಬಳಿ ಮಾತ್ರ ಇರುತ್ತದೆ, ಅವರ ಬಳಿ ಇರುವುದಿಲ್ಲ.

ಆ ರಾತ್ರಿ ಮಾಡಬೇಕಾದ್ದು ಎರಡು ಕೆಲಸ. ಮೊದಲನೆಯದಾಗಿ, ಅವರು ಹೇಳಿದ ಮೂರು ಸಂಗತಿಗಳನ್ನು ಬರೆದಿಡಿ. ನೀವು ಹೇಳಿದ್ದನ್ನು ಬರೆಯಬೇಡಿ. ಆರು ಮಕ್ಕಳ ತರಗತಿ, ಹಾಡು, ಇನ್ನೊಂದು ಏನಾದರೂ. ಮೂರು ನೆನಪಿಗೆ ಬಂದರೆ ನಿಮ್ಮ ಗಮನ ಹೊರಗೇ ಇತ್ತು, ಭೇಟಿ ಸಾರ್ಥಕ. ಎರಡನೆಯದಾಗಿ, ಒಂದು ಸಂದೇಶ ಕಳಿಸಿ. ‘ಮನೆಗೆ ತಲುಪಿದೆ. ನಿಮ್ಮ ಆರು ಮಕ್ಕಳ ತರಗತಿಯ ವಿಷಯ ಬಸ್ಸಿನಲ್ಲೂ ಯೋಚಿಸುತ್ತಿದ್ದೆ. ಇನ್ನೊಮ್ಮೆ ಭೇಟಿಯಾಗಲು ನನಗೆ ಇಷ್ಟ, ನಿಮಗೂ ಅನುಕೂಲವಾದರೆ ಮುಂದಿನ ಭಾನುವಾರ?’ ಇಷ್ಟು ಸಾಕು. ‘ನಾನು ಜಾಸ್ತಿ ಮಾತನಾಡಲಿಲ್ಲ, ಬೇಸರವಾಯಿತೇನೋ, ಕ್ಷಮಿಸಿ’ ಎಂದು ಬರೆಯಬೇಡಿ. ಹಾಗೆ ಬರೆದರೆ ಅವರು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಬೀಳುತ್ತಾರೆ, ಮುಂದಿನ ಭೇಟಿಯ ಮಾತು ಹಿಂದೆ ಬೀಳುತ್ತದೆ.

ಕಳಿಸಿದ ಮೇಲೆ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ನೀಲಿ ಗೆರೆ ಬಂತೇ ಎಂದು ನೋಡುತ್ತಾ ಕುಳಿತರೆ ಮೆಲುಕು ಮತ್ತೆ ಶುರುವಾಗುತ್ತದೆ. ಮರುದಿನ ಸಂಜೆಯಾದರೂ ಉತ್ತರ ಬಾರದಿದ್ದರೆ ಇನ್ನೊಂದು ದಿನ ಕಾಯಿರಿ. ಎರಡನೆಯ ಸಂದೇಶ ಒಂದೇ ಇರಲಿ, ಮೂರನೆಯದು ಬೇಡ. ಭೇಟಿಗಳ ನಡುವಿನ ದಿನಗಳಲ್ಲಿ ಬರಹಕ್ಕಿಂತ ಧ್ವನಿ ಸಂದೇಶ ಅಂತರ್ಮುಖಿಗಳಿಗೆ ಒಳ್ಳೆಯ ಸಾಧನ: ಒಬ್ಬರೇ ಇರುವಾಗ, ತಮಗೆ ಬೇಕಾದ ಹೊತ್ತಿನಲ್ಲಿ, ನಿಜವಾದ ಧ್ವನಿಯಲ್ಲಿ ಹೇಳಬಹುದು. ಒಂದು ನಿಮಿಷದೊಳಗೆ ಮುಗಿಸಿ. ಐದು ಸಲ ಅಳಿಸಿ ಮತ್ತೆ ಹೇಳುವುದು ಮಾತ್ರ ಹಳೆಯ ವಾಕ್ಯ ಜೋಡಿಸುವ ಉಪಾಯದ ಹೊಸ ವೇಷ. ಮೊದಲ ಸಲ ಹೇಳಿದ್ದನ್ನೇ ಕಳಿಸಿ.

ಎರಡನೆಯ ಭೇಟಿಯಲ್ಲಿ ಹೇಳಿಬಿಡಬೇಕಾದ ಮಾತು

ನಿಮ್ಮ ಸ್ವಭಾವವನ್ನು ಅವರಿಗೆ ತಿಳಿಸಲು ಸರಿಯಾದ ಸಮಯ ಎರಡನೆಯ ಭೇಟಿ. ಮೊದಲ ಭೇಟಿಯಲ್ಲಿ ಹೇಳಿದರೆ ಅದು ಕ್ಷಮಾಪಣೆಯಂತೆ ಕೇಳುತ್ತದೆ. ನಾಲ್ಕನೆಯದರವರೆಗೆ ಮುಚ್ಚಿಟ್ಟರೆ ನಿಮ್ಮ ಮೌನಕ್ಕೆ ಅವರೇ ಬೇರೆ ಅರ್ಥ ಕಟ್ಟಿಕೊಂಡಿರುತ್ತಾರೆ. ಹೇಳುವಾಗ ಕೊರತೆಯ ಮಾತಾಗಿ ಹೇಳದೆ ಬಳಕೆಯ ಸೂಚನೆಯಾಗಿ ಹೇಳಿ: ‘ಹೊಸಬರ ಜೊತೆ ನನಗೆ ಮಾತು ತಡವಾಗಿ ಬರುತ್ತದೆ. ಸುಮ್ಮನಿದ್ದರೆ ಬೇಸರವಾಗಿದೆ ಎಂದಲ್ಲ, ಯೋಚಿಸುತ್ತಿರುತ್ತೇನೆ. ಹೆಚ್ಚು ಜನರಿರುವ ಕಡೆ ಎರಡು ಗಂಟೆಯಾದ ಮೇಲೆ ನನಗೆ ಸುಸ್ತಾಗುತ್ತದೆ.’ ಇದನ್ನು ಮೊದಲೇ ಹೇಳಿದ್ದರೆ ಮುಂದೆ ಅವರ ಅಕ್ಕನ ಮದುವೆಯ ಗದ್ದಲದಲ್ಲಿ ನೀವು ಅಂಗಳದ ಮೂಲೆಯಲ್ಲಿ ನಿಂತಾಗ ಅವರಿಗೆ ತಪ್ಪು ತಿಳಿವಳಿಕೆಯಾಗುವುದಿಲ್ಲ.

ಈ ಭೇಟಿಗೆ ಇಬ್ಬರ ಕಣ್ಣಿಗೂ ಕೆಲಸವಿರುವ ಏನನ್ನಾದರೂ ಆಯ್ದುಕೊಳ್ಳಬಹುದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಿದ್ದ ಜಾಗದ ಸ್ಮಾರಕಕ್ಕೆ ಹೋಗಬಹುದು, ಊರಿನ ಯಕ್ಷಗಾನ ಬಯಲಾಟಕ್ಕೆ ಹೋಗಬಹುದು. ಆಟ ನೋಡುವಾಗ ಮಾತನಾಡಲೇಬೇಕೆಂಬ ಒತ್ತಡವಿಲ್ಲ, ಮುಗಿದ ಮೇಲೆ ಮಾತನಾಡಲು ವಿಷಯ ತಾನಾಗಿ ಸಿಗುತ್ತದೆ. ಆದರೆ ಅಲ್ಲಿ ನೆಂಟರಿಷ್ಟರು ಸಿಗುವ ಸಾಧ್ಯತೆ ಇದ್ದೇ ಇದೆ, ಅದಕ್ಕೆ ಇಬ್ಬರೂ ಮೊದಲೇ ಒಪ್ಪಿರಬೇಕು.

ಇದರಿಂದಾಗದ ಸಂದರ್ಭ

ಕೆಲವರಿಗೆ ಇಷ್ಟೆಲ್ಲ ಮಾಡಿದರೂ ಸಾಲದು. ತಿಂಗಳುಗಟ್ಟಲೆ ಭೇಟಿಗಳನ್ನು ಕೊನೆಯ ಗಳಿಗೆಯಲ್ಲಿ ರದ್ದು ಮಾಡುತ್ತಿದ್ದರೆ, ಕಚೇರಿಯ ಸಭೆಯಲ್ಲೂ ಅಂಗಡಿಯಲ್ಲೂ ಫೋನಿನಲ್ಲೂ ಇದೇ ಹೆದರಿಕೆ ಇದ್ದರೆ, ಧೈರ್ಯಕ್ಕೆಂದು ಕುಡಿಯುವ ಅಭ್ಯಾಸ ಶುರುವಾಗಿದ್ದರೆ ಅದು ಚಿಕಿತ್ಸೆ ಬೇಕಾದ ಅಳುಕು. ಅದಕ್ಕೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ ಇದೆ, ಮೇಲೆ ಹೇಳಿದ 1995ರ ವಿವರಣೆಯೂ ಅದರ ತಳಹದಿಗಳಲ್ಲಿ ಒಂದು. ಅಗತ್ಯವಿದ್ದರೆ ವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಎಲ್ಲಿ ಆರಂಭಿಸಬೇಕೆಂದು ತಿಳಿಯದವರು ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಹಗಲಿರುಳೂ ಲಭ್ಯ.

ಮೂರನೆಯ ಭೇಟಿ, ಮತ್ತು ಮನೆಯವರು

ಮೂರನೆಯ ಭೇಟಿಯ ಹೊತ್ತಿಗೆ ನಮ್ಮ ಕಡೆ ಯಾರಾದರೊಬ್ಬರು ನೋಡಿಯೇ ಇರುತ್ತಾರೆ, ಇಲ್ಲವೇ ಮನೆಯವರೇ ‘ಏನು ತೀರ್ಮಾನ ಮಾಡಿದೆ?’ ಎಂದು ಕೇಳಲು ಶುರುಮಾಡಿರುತ್ತಾರೆ. ಮಾತು ಕಡಿಮೆ ಇರುವವರಿಗೆ ಇದು ಇನ್ನೊಂದು ಇಕ್ಕಟ್ಟು. ಅವರು ಯೋಚಿಸಲು ಸಮಯ ಬೇಕೆಂದು ಸುಮ್ಮನಿರುತ್ತಾರೆ, ಮನೆಯವರು ಮೌನವನ್ನು ಒಪ್ಪಿಗೆ ಎಂದುಕೊಂಡು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಅಷ್ಟರಲ್ಲಿ ಎದುರಿನವರಿಗೆ ನಿಮ್ಮ ಮನಸ್ಸಿನ ಸುದ್ದಿ ನಿಮ್ಮಿಂದ ಬರದೆ ಯಾವುದೋ ಅತ್ತೆಯ ಬಾಯಿಂದ ತಲುಪುತ್ತದೆ.

ಅದಕ್ಕೆ ಮೂರನೆಯ ಭೇಟಿಯಲ್ಲಿ, ಹೊರಡುವ ಹದಿನೈದು ನಿಮಿಷ ಮೊದಲು, ಇದೊಂದು ಮಾತನ್ನು ತೆಗೆಯಿರಿ. ಕೊನೆಯ ಕ್ಷಣಕ್ಕೆ ಬಿಟ್ಟರೆ ಬಸ್ಸು ಬಂದು ಮಾತು ಉಳಿದುಹೋಗುತ್ತದೆ. ‘ಅಪ್ಪ ಕೇಳುತ್ತಿದ್ದಾರೆ. ನನಗೆ ನಿಮ್ಮನ್ನು ಇನ್ನೂ ತಿಳಿದುಕೊಳ್ಳಬೇಕೆಂಬ ಇಷ್ಟವಿದೆ, ತೀರ್ಮಾನಕ್ಕೆ ಎರಡು ತಿಂಗಳು ಬೇಕು ಎಂದು ಹೇಳಲಿದ್ದೇನೆ. ನಿಮಗೆ ಅದು ಸರಿಯೇ? ನೀವು ಮನೆಯಲ್ಲಿ ಏನು ಹೇಳುತ್ತೀರಿ?’ ಎಂದು ಕೇಳಿ. ಅವರು ‘ನನಗೆ ಅಷ್ಟು ಸಮಯ ಕೊಡುವುದಿಲ್ಲ’ ಎಂದರೆ ಅದನ್ನೂ ಅಲ್ಲೇ ಮಾತನಾಡಿ. ಮನಸ್ಸಿಲ್ಲದಿದ್ದರೂ ಇದೇ ಹೊತ್ತು. ‘ನಿಮ್ಮ ಜೊತೆ ಮಾತನಾಡಿದ್ದು ಸಂತೋಷ. ಆದರೆ ಮುಂದುವರಿಸಲು ನನಗೆ ಮನಸ್ಸು ಒಪ್ಪುತ್ತಿಲ್ಲ, ಮನೆಯಲ್ಲೂ ಹೀಗೆಯೇ ಹೇಳುತ್ತೇನೆ’ ಎಂದು ಎದುರಿಗೇ ಹೇಳಿ. ಬಾಯಲ್ಲಿ ಹೇಳಲು ಸಾಧ್ಯವೇ ಆಗದಿದ್ದರೆ ಅದೇ ದಿನ ಸಂಜೆಯೊಳಗೆ ಬರೆದು ಕಳಿಸಿ, ಮನೆಯವರಿಗೆ ತಿಳಿಸುವ ಮೊದಲೇ.